ಹುಟ್ಟು ನೆಟ್ಟಗಿದೆ

ಟಿವಿಯಲ್ಲಿ ಕೂತಿದ್ದ ಹೆಂಗಸಿನ ಬಾಯಿ ನೆಟ್ಟಗಿತ್ತು.

ಹೆಲ್ಮೆಟ್ ನನ್ನದು, ಕಿತ್ತಳೆ ಜಾಕೆಟ್ ನನ್ನದು, ಕೈಯಲ್ಲಿದ್ದ ಹುಟ್ಟು ನನ್ನದು. ಮುಖ ಮಾತ್ರ ಯಾರದೋ. ಆ ಹೆಂಗಸು ನನ್ನ ದನಿಯಲ್ಲಿ ಹೇಳುತ್ತಿದ್ದಳು: "ನೀರಿಗೆ ಬಿದ್ರೆ ಗಾಬರಿ ಬೀಳ್ಬೇಡಿ. ಕಾಲು ಮೇಲೆತ್ತಿ. ನನ್ನ ಮುಖ ನೋಡಿ. ನಾನು ಕೂಗೋವಾಗ ನನ್ನ ಬಾಯಿ ಒಂದು ಕಡೆಗೆ ಎಳೆಯುತ್ತೆ. ಅದು ನಗು ಅಲ್ಲ."

ಹಾಗೆ ಹೇಳುತ್ತಿದ್ದ ಬಾಯಿ ಎರಡೂ ಕಡೆ ಸಮನಾಗಿ ತೆರೆದು ಮುಚ್ಚುತ್ತಿತ್ತು.

ಶೆಡ್ಡಿನಲ್ಲಿ ಕೂತಿದ್ದ ರಾಫ್ಟಿನ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನ ಜೊತೆ ಅದೇ ಶಾಟ್‌ನಲ್ಲಿ ಕೂತಿದ್ದ ಗೈಡ್, ಎಲ್ಲರೂ ಮೀಸೆ ಅಂತಲೇ ಕರೆಯುವವನು, ಕೆಮ್ಮಿದ. ಕಂಪನಿಯ ಯಜಮಾನರು ಮಾತ್ರ ಚಪ್ಪಾಳೆ ತಟ್ಟಿದರು.

"ಬೊಂಬಾಟ್! ಏನು ಕಳೆ ಬಂದಿದೆ ನೋಡ್ರೋ!"

ನನಗೆ ಮೈಯೆಲ್ಲ ಉರಿಯಿತು. ಟಿವಿಯ ವಯರು ಕಿತ್ತು ಹಾಕಿ ಹಿಂದಿನ ರೂಮಿಗೆ ಹೋದೆ.

ಯಾಕೆ ಉರಿಯಿತು ಅಂತ ಹೇಳಬೇಕು. ಕೆಲವು ವರ್ಷದ ಹಿಂದೆ ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ನೀರು ಎಡಗಡೆಯಿಂದ ಸೋರಿಹೋಯಿತು. ಕನ್ನಡಿ ನೋಡಿದರೆ ಮುಖದ ಎಡ ಅರ್ಧ ಮಲಗಿಬಿಟ್ಟಿತ್ತು. ನರ ಊದಿದೆ, ವಾಪಸ್ ಬರುತ್ತೆ ಅಂದರು ಡಾಕ್ಟರು. ಅರ್ಧ ಬಂತು, ಅರ್ಧ ಬರಲಿಲ್ಲ. ಸುಮ್ಮನಿದ್ದಾಗ ಅಷ್ಟು ಗೊತ್ತಾಗುವುದಿಲ್ಲ. ಜೋರಾಗಿ ಕೂಗಿದರೆ ಬಲಗಡೆಯ ತುಟಿ ಕಿವಿಯತ್ತ ಏರುತ್ತದೆ, ಎಡಗಡೆಯದು ಇದ್ದಲ್ಲೇ ಇರುತ್ತದೆ. ನನ್ನ ಕೆಲಸವೇ ಕೂಗುವುದು. ನದಿಯ ಸೆಳವಿನಲ್ಲಿ ರಾಫ್ಟ್ ಇಳಿಸುವವಳು ಪಿಸುಮಾತಾಡಿದರೆ ಆಗುತ್ತದೆಯೇ?

ಕಳೆದ ಸೀಸನ್ನಿನಲ್ಲಿ ಒಬ್ಬ ಹುಡುಗಿ ಬಿದ್ದಳು. ಬೀಳುವುದೇನೂ ದೊಡ್ಡದಲ್ಲ, ದಿನಾ ಯಾರಾದರೂ ಬೀಳುತ್ತಾರೆ. ನಾನು ಹಗ್ಗ ಎಸೆದೆ, "ಹಿಡಿ, ಹಿಡಿ" ಅಂತ ಗಂಟಲು ಹರಿಯುವ ಹಾಗೆ ಕೂಗಿದೆ. ಅವಳು ನನ್ನ ಮುಖ ನೋಡಿದಳು, ಹಗ್ಗ ಹಿಡಿಯಲಿಲ್ಲ. ಅದು ಪಕ್ಕದಲ್ಲೇ ತೇಲಿಹೋಯಿತು. ಮುಂದಿನ ಬಂಡೆಗೆ ಮೊಣಕಾಲು ಬಡಿಯಿತು. ದಡಕ್ಕೆ ತಂದು ಕೂರಿಸಿದಾಗ ಅವಳು ಅಳುತ್ತಾ ಹೇಳಿದ್ದು ಒಂದೇ ಮಾತು: "ನಾನು ಸಾಯ್ತಿದ್ದೆ, ಈ ಹೆಂಗಸು ನನ್ನ ನೋಡಿ ನಗ್ತಾ ಇದ್ಲು. ತಮಾಷೆಗೆ ಹಗ್ಗ ಎಸೀತಿದಾಳೆ ಅಂದ್ಕೊಂಡೆ."

ಅವಳ ಮನೆಯವರು ಯಜಮಾನರಿಗೆ ದೂರು ಕೊಟ್ಟರು. ಯಜಮಾನರು ನನ್ನನ್ನು ಕರೆದು, ಇನ್ನೊಂದು ಸಲ ಇಂಥ ದೂರು ಬಂದರೆ ನಿನ್ನನ್ನು ಟಿಕೆಟ್ ಕೌಂಟರಿಗೆ ಹಾಕುತ್ತೇನೆ ಅಂದರು. ನಾನು ಈ ನದಿಯಲ್ಲೇ ಕೂದಲು ನರೆಸಿಕೊಂಡವಳು. ಟಿಕೆಟ್ ಹರಿಯುತ್ತಾ ಕೂರುವುದಕ್ಕಿಂತ ಆ ಬಂಡೆಗೆ ತಲೆ ಚಚ್ಚಿಕೊಳ್ಳುವುದು ಮೇಲು. ಅದಕ್ಕೇ ನಾನು ಹೇಳಿದೆ: ರಾಫ್ಟ್ ಹತ್ತುವ ಮೊದಲು ತೋರಿಸುವ ವಿಡಿಯೋದಲ್ಲಿ ನನ್ನ ಮುಖ ತೋರಿಸಿ, ನಾನು ಕೂಗಿದರೆ ಹೇಗೆ ಕಾಣುತ್ತೇನೆ ಅಂತ ಜನಕ್ಕೆ ಮೊದಲೇ ಗೊತ್ತಿರಲಿ. ಯಜಮಾನರು ಗೊಣಗುತ್ತಲೇ ಒಪ್ಪಿದರು.

ವಿಡಿಯೋ ಮಾಡಿದವನು ನನ್ನ ತಮ್ಮ. ನಮ್ಮ ಕಂಪನಿಯ ಕ್ಯಾಮೆರಾಗಳೆಲ್ಲ ಅವನ ಕೈಯಲ್ಲೇ ಇರುವುದು. ಹೆಲ್ಮೆಟ್ಟಿಗೆ, ರಾಫ್ಟಿನ ಮೂತಿಗೆ ಕಟ್ಟುವ ಬೆಂಕಿಪೊಟ್ಟಣದಂಥ ಕ್ಯಾಮೆರಾಗಳು. ದಿನದ ಕೊನೆಗೆ ಗಿರಾಕಿಗಳಿಗೆ ಅವರ ಸವಾರಿಯ ವಿಡಿಯೋ ಕೊಡುವುದು ಅವನ ಕೆಲಸ.

ಹಿಂದಿನ ರೂಮಿನಲ್ಲಿ ಒದ್ದೆ ಜಾಕೆಟ್ಟುಗಳ ವಾಸನೆ. ಗೋಡೆಗೆ ಹಗ್ಗದ ಚೀಲಗಳು ನೇತಾಡುತ್ತಿದ್ದವು. ಅವುಗಳ ಕೆಳಗೆ ಕಂಪ್ಯೂಟರು, ಅದರ ಮುಂದೆ ತಮ್ಮ.

"ಏನೋ ಮಾಡಿದೀಯ ನನ್ನ ಮುಖಕ್ಕೆ?"

"ಏನಕ್ಕಾ? ಚೆನ್ನಾಗಿ ಬಂದಿಲ್ವಾ?"

"ಯಾರದೋ ಇದು ಬಾಯಿ?"

ಅವನು ಹಲ್ಲು ಕಿರಿದ. "ನಿಂದೇ. ಲೆನ್ಸ್ ಸರಿ ಮಾಡಿದೀನಿ, ಅಷ್ಟೇ."

ಲೆನ್ಸ್ ವಿಷಯ ನನಗೆ ಗೊತ್ತಿಲ್ಲದ್ದೇನಲ್ಲ. ಮನೆಯಲ್ಲಿ ಊಟಕ್ಕೆ ಕೂತರೆ ಇವನು ಅದನ್ನೇ ಕೊರೆಯುವುದು. ಈ ಕ್ಯಾಮೆರಾಗಳ ಕಣ್ಣು ತುಂಬ ಅಗಲ, ಎಲ್ಲವನ್ನೂ ಒಳಗೆ ತುಂಬಿಸಿಕೊಳ್ಳಲು ಹೋಗಿ ಅಂಚಿನಲ್ಲಿರುವುದನ್ನು ಬಗ್ಗಿಸುತ್ತದೆ. ಮೂತಿ ಕೆಳಗೆ ಮಾಡಿ ಹಿಡಿದರೆ ಆಚೆ ದಡದ ಗೆರೆ ಚಿತ್ರದಲ್ಲಿ ಮೇಲಕ್ಕೆ ಹೋಗಿ ಗುಡ್ಡದ ಹಾಗೆ ಉಬ್ಬುತ್ತದೆ. ಮೂತಿ ಮೇಲೆ ಮಾಡಿದರೆ ಅದೇ ಗೆರೆ ಕೆಳಕ್ಕೆ ಬಂದು ಬಾಣಲೆಯ ಹಾಗೆ ತಗ್ಗುತ್ತದೆ. ಗೆರೆ ಚಿತ್ರದ ನಟ್ಟನಡುವೆ ಹಾದರೆ ಮಾತ್ರ ನೆಟ್ಟಗಿರುತ್ತದೆ. ಕಂಪ್ಯೂಟರಿನಲ್ಲಿ ಆಯಾ ಕ್ಯಾಮೆರಾದ ಅಳತೆ ಹಾಕಿ ಬಗ್ಗಿದ್ದನ್ನು ನೆಟ್ಟಗೆ ಮಾಡುತ್ತಾನೆ. ಆದರೆ ಪೂರ್ತಿ ನೆಟ್ಟಗೆ ಮಾಡಿದರೆ ಅಂಚಿನಲ್ಲಿ ಕೂತವರ ಮುಖ ಅಡ್ಡಡ್ಡ ಹಿಗ್ಗುತ್ತದೆ. ಒಂದು ಸಲ ಮೀಸೆಯ ಮುಖ ಕುಂಬಳಕಾಯಿ ಆಗಿಹೋಗಿತ್ತು. ಅವತ್ತು ಮೀಸೆ ಇವನನ್ನು ಶೆಡ್ಡಿನ ತುಂಬಾ ಅಟ್ಟಿಸಿಕೊಂಡು ಓಡಿದ್ದ.

"ಹಾಕು ಅದನ್ನ," ಅಂದೆ. "ಮೊದಲಿಂದ ಹಾಕು."

ಸೆಳವು ಮುಗಿದು ನದಿ ಕೆರೆಯಂತೆ ಹರಡಿಕೊಳ್ಳುವ ಜಾಗದಲ್ಲಿ, ಕಟ್ಟಿದ ರಾಫ್ಟಿನಲ್ಲಿ ಕೂತು ತೆಗೆದ ಶಾಟ್ ಅದು. ಎಡ ಅಂಚಿನಲ್ಲಿ ನಾನು, ಬಲ ಅಂಚಿನಲ್ಲಿ ಮೀಸೆ. ಇಬ್ಬರೂ ಹೊರಗಡೆಯ ಕೈಯಲ್ಲಿ ಹುಟ್ಟನ್ನು ನೆಟ್ಟಗೆ ಹಿಡಿದು ಕೂತಿದ್ದೇವೆ. ನಮ್ಮ ಹಿಂದೆ, ಕಿವಿಯ ಮಟ್ಟದಲ್ಲಿ, ಆಚೆ ದಡದ ಗೆರೆ.

"ನೋಡಕ್ಕಾ," ತಮ್ಮ ಪಾಠ ಶುರು ಮಾಡಿದ. "ಗೆರೆ ನಡುವೆನೇ ಹಾಯೋ ಹಾಗೆ ಕ್ಯಾಮೆರಾ ಇಟ್ಟಿದ್ದೆ. ಅದಕ್ಕೇ ಪೂರ್ತಿ ಎಳೆಯೋ ಅಗತ್ಯ ಇರ್ಲಿಲ್ಲ. ಅರ್ಧ ಎಳೆದೆ, ಅಂಚು ಸ್ವಲ್ಪ ಕತ್ತರಿಸಿದೆ. ಗೆರೆನೂ ನೆಟ್ಟಗಿದೆ, ಮುಖಾನೂ ಹಿಗ್ಗಿಲ್ಲ. ಹುಟ್ಟು ಮಾತ್ರ ಒಂಚೂರು ಹೊರಕ್ಕೆ ಬಾಗಿದೆ, ಅದನ್ನ ಯಾರು ನೋಡ್ತಾರೆ?"

"ನಾನು ನೋಡ್ತೀನಿ. ಮೀಸೆ ಹುಟ್ಟು ನೋಡು. ಬಿಲ್ಲಿನ ಹಾಗೆ ನುಣ್ಣಗೆ ಬಾಗಿದೆ. ನಂದು ನೋಡು."

ನನ್ನ ಹುಟ್ಟಿನ ಕೋಲು ಮೀಸೆಯದರಂತೆಯೇ ಬಾಗುತ್ತಾ ಬಂದು, ನನ್ನ ಕೆನ್ನೆಯ ಪಕ್ಕದಲ್ಲಿ ಮಾತ್ರ ಒಳಕ್ಕೆ ಮುರಿದಂತೆ ಸೊಟ್ಟಗಾಗಿತ್ತು. ಅದರ ಹಿಂದೆ ದಡದ ಗೆರೆಯೂ ಅಲ್ಲೊಂದು ಕಡೆ ಜೋತು ಬಿದ್ದಿತ್ತು.

ಅವನ ಮುಖದಲ್ಲಿದ್ದ ನಗು ಹೋಯಿತು.

"ಲೆನ್ಸ್ ಈ ಕಡೆ ಏನು ಮಾಡುತ್ತೋ ಆ ಕಡೆನೂ ಅದನ್ನೇ ಮಾಡುತ್ತೆ ಅಂತ ನನ್ನ ತಲೆ ತಿಂದಿದ್ದು ಯಾರೋ? ನೀನು ತಾನೇ? ಹಂಗಿದ್ರೆ ಮೀಸೆ ಕೆನ್ನೆ ಹತ್ರ ಯಾಕಿಲ್ಲ ಈ ಸೊಟ್ಟ?"

"ಅದು... ಅಲ್ಲಿ ಕೈಯಲ್ಲಿ ಎಳೆದೆ ಅಕ್ಕ. ಬರೀ ಅಷ್ಟು ಜಾಗ."

"ಯಾಕೆ?"

"ಲೆನ್ಸ್ ಸರಿ ಮಾಡಿದ ಮೇಲೂ ನಿನ್ನ ಬಾಯಿ ಎಳೆದುಕೊಂಡೇ ಇತ್ತು. ಮೀಸೆ ಮುಖ ಸರಿಯಾಗಿ ಬಂತು, ನಿಂದು ಬರಲಿಲ್ಲ. ಲೆನ್ಸ್ ಮೇಲೆ ನೀರಿನ ಹನಿ ಕೂತಿರಬೇಕು ಅಂದ್ಕೊಂಡೆ. ಹನಿ ಕೂತ್ರೆ ಅಷ್ಟು ಜಾಗ ಮಾತ್ರ ಸೊಟ್ಟ ಕಾಣುತ್ತೆ. ಸರಿ ಅನ್ನಿಸೋವರೆಗೂ ಎಳೆದೆ."

"ಹನಿ!" ನಾನು ಮೇಜಿಗೆ ಗುದ್ದಿದೆ. ಇಲಿಯೋ ಮೌಸೋ ಅದು ಹಾರಿಬಿತ್ತು. "ಮುಂದಕ್ಕೆ ಓಡಿಸು. ಮೊದಲಿನದ್ದು, ನೀನು ಕೈ ಇಡೋಕೆ ಮುಂಚಿನದ್ದು. ನಾನು ಆ ಕಡೆ ತಿರುಗಿ ಮೀಸೆಗೆ ಏನೋ ಹೇಳ್ತೀನಲ್ಲ, ಅಲ್ಲಿಂದ ಹಾಕು. ಹನಿ ಲೆನ್ಸ್ ಮೇಲೆ ಕೂತಿದ್ರೆ ಕೂತ ಜಾಗದಲ್ಲೇ ಇರುತ್ತೆ. ನಾನು ತಲೆ ಅಲ್ಲಾಡಿಸಿದ್ರೆ ಸೊಟ್ಟ ನನ್ನ ಜೊತೆ ಬರುತ್ತೇನೋ?"

ಅವನು ಹಳೆಯದನ್ನು ತೆಗೆದ. ಪರದೆಯಲ್ಲಿ ನಾನು ಮುಂದಕ್ಕೆ ಬಗ್ಗಿದೆ, ಮೀಸೆಯ ಕಡೆ ತಿರುಗಿದೆ, ಮತ್ತೆ ಹಿಂದಕ್ಕೆ ಬಂದೆ. ಎಳೆದ ಬಾಯಿ ನನ್ನ ಜೊತೆಯಲ್ಲೇ ಹೋಗಿ ನನ್ನ ಜೊತೆಯಲ್ಲೇ ವಾಪಸ್ ಬಂತು. ಹಿಂದಿನ ಗೆರೆ ಅಲುಗಲಿಲ್ಲ. ಹುಟ್ಟು ಅಲುಗಲಿಲ್ಲ.

"ಕಾಣ್ತಾ? ನನ್ನ ಹುಟ್ಟು ನೆಟ್ಟಗಿತ್ತು ಕಣೋ. ಬಾಯಿ ಸೊಟ್ಟ. ನೀನು ಬಾಯಿ ನೆಟ್ಟಗೆ ಮಾಡೋಕೆ ಹೋಗಿ ಹುಟ್ಟು ಸೊಟ್ಟ ಮಾಡಿದೀಯ."

ಈ ಮಾತು ನನಗೆ ಹಳೆಯದು. ಒಮ್ಮೆ ಒಬ್ಬ ಗಿರಾಕಿ ನನ್ನ ಬಾಯಿ ನೋಡಿ "ಹುಟ್ಟು ಸೊಟ್ಟನಾ ಮೇಡಂ?" ಅಂತ ಕೇಳಿದ್ದ. ನಾನು ಕೈಲಿದ್ದ ಹುಟ್ಟನ್ನು ಅವನ ಮೂಗಿನ ಮುಂದೆ ಹಿಡಿದು "ಹುಟ್ಟು ನೆಟ್ಟಗಿದೆ ಸಾರ್, ಬೇಕಾದ್ರೆ ನಿಮ್ಮ ಬೆನ್ನಿಗೆ ಹಾಕಿ ತೋರಿಸ್ತೀನಿ" ಅಂದಿದ್ದೆ. ಆ ಜೋಕು ಇಡೀ ಶೆಡ್ಡಿಗೆ ಗೊತ್ತು, ತಮ್ಮನಿಗೂ ಗೊತ್ತು. ಆದರೂ ಇವನು ನೀರಿನ ಹನಿ ಅನ್ನುತ್ತಾನೆ.

"ಅಲ್ವೋ, ದಿನಾ ನನ್ನ ಎದುರು ಕೂತು ಅನ್ನ ತಿಂತೀಯ. ನನ್ನ ಮುಖ ಹೆಂಗಿದೆ ಅಂತ ನಿನಗೆ ಗೊತ್ತಿಲ್ವಾ?"

"ಗೊತ್ತು ಅಕ್ಕ. ಆದ್ರೆ..." ಅವನು ಪರದೆಯನ್ನೇ ನೋಡುತ್ತಾ ಹೇಳಿದ. "ಸರಿ ಅನ್ನಿಸೋವರೆಗೂ ಎಳೆದೆ ಅಂದ್ನಲ್ಲ. ಮುಂಚೆ ನಿನ್ನ ಮುಖ ಹೆಂಗಿತ್ತೋ ಹಂಗೇ ಬಂದ್ಬಿಡ್ತು. ನಂಗೆ ಅದೇ ಸರಿ ಅನ್ನಿಸ್ತು."

ಇವನಿಗೆ ಎರಡು ಬಾರಿಸಬೇಕು ಅನ್ನಿಸಿತು. ಅಷ್ಟರಲ್ಲಿ ಯಜಮಾನರು ಒಳಗೆ ಬಂದರು, ಕೈಯಲ್ಲಿ ಬಾಚಣಿಗೆ. ಮಧ್ಯಾಹ್ನ ಅವರದೊಂದು ಶಾಟ್ ಇತ್ತು. ರಾಫ್ಟಿನಲ್ಲಿ ನಿಂತು "ನಮ್ಮ ನದಿಗೆ ಸುಸ್ವಾಗತ" ಅಂತ ಹೇಳುವುದು.

"ಏನಮ್ಮಾ, ಟಿವಿ ವಯರು ಕಿತ್ತು ಹಾಕಿದೀಯಂತೆ?"

"ಸಾರ್, ಈ ವಿಡಿಯೋ ಆಗಲ್ಲ. ಮುಖ ತಿದ್ದಿದಾನೆ ಇವನು. ನನ್ನ ಮುಖ ಇದ್ದ ಹಾಗೇ ಹಾಕಬೇಕು."

"ಯಾಕೆ? ಲಕ್ಷಣವಾಗಿ ಕಾಣ್ತಿದೀಯ. ಬೇರೆಯೋರಾಗಿದ್ರೆ ಸಿಹಿ ಹಂಚೋರು."

"ಲಕ್ಷಣಕ್ಕಲ್ಲ ಸಾರ್ ಇದು ಮಾಡಿಸಿದ್ದು. ನೀರಿಗೆ ಬಿದ್ದೋರು ಟಿವಿಲಿ ನೋಡಿದ ಹೆಂಗಸನ್ನ ಹುಡುಕ್ತಾರೆ. ಅವಳು ಅಲ್ಲಿರಲ್ಲ, ನಾನಿರ್ತೀನಿ. ಬಾಯಲ್ಲಿ 'ಎಳೆಯುತ್ತೆ' ಅಂತ ಹೇಳೋದು, ತೋರಿಸೋದು ನೆಟ್ಟಗಿನ ಬಾಯಿ. ನೋಡಿದೋರಿಗೆ ಏನು ತಿಳಿಯುತ್ತೆ, ಮಣ್ಣು?"

"ಜನ ಖುಷಿಯಾಗಿರೋಕೆ ಬರ್ತಾರಮ್ಮ. ಹತ್ತೋಕೆ ಮುಂಚೆನೇ ಇಂಥದ್ದು ತೋರಿಸಿದ್ರೆ..." ಅವರು ತಮ್ಮ ತುಟಿಯನ್ನು ಒಂದು ಕಡೆ ಎಳೆದು ತೋರಿಸಿದರು. "ಹೆದರಲ್ವಾ? ಮುಖ ಅಂದ್ರೆ ಮುಖ. ಯಾವುದಾದ್ರೇನು? ಇಷ್ಟವಿಲ್ಲ ಅಂದ್ರೆ ಕೌಂಟರು ಖಾಲಿ ಇದೆ."

ಅವರು ತುಟಿ ಎಳೆದು ತೋರಿಸಿದ ಆ ಗಳಿಗೆಗೆ ನನ್ನ ತಲೆಯೊಳಗೆ ಏನೋ ಪಟ್ ಅಂತ ಹರಿಯಿತು. ಬಾಯಿಗೆ ಬಂದ ಬೈಗುಳವನ್ನೆಲ್ಲ ನುಂಗಿದೆ. ತುಂಬ ಮೆತ್ತಗೆ ಹೇಳಿದೆ:

"ಆಯ್ತು ಸಾರ್. ಬನ್ನಿ, ನಿಮ್ಮ ಶಾಟ್ ಮುಗಿಸೋಣ."

ನಾನು ಮೆತ್ತಗೆ ಮಾತಾಡಿದರೆ ಏನಾಗುತ್ತದೆ ಅಂತ ತಮ್ಮನಿಗೆ ಗೊತ್ತು. ಅವನು ಕ್ಯಾಮೆರಾ ತೆಗೆದುಕೊಂಡು ಸದ್ದಿಲ್ಲದೆ ಹಿಂದೆ ಬಂದ. ಮೀಸೆಯೂ ದಡದವರೆಗೆ ಬಂದ.

ಯಜಮಾನರಿಗೆ ಹೆಲ್ಮೆಟ್ ಬೇಡವಂತೆ, ಕೂದಲು ಕೆಡುತ್ತದಂತೆ. "ಹೆಲ್ಮೆಟ್ ಇಲ್ದೆ ನನ್ನ ರಾಫ್ಟಿಗೆ ದೇವರು ಬಂದ್ರೂ ಹತ್ತಿಸಲ್ಲ ಸಾರ್," ಅಂದೆ. ಹಾಕಿಕೊಂಡರು. ಜಾಕೆಟ್ಟಿನ ಪಟ್ಟಿಗಳನ್ನು ನಾನೇ ಬಿಗಿದೆ, ಒಂದೊಂದನ್ನೂ ಎಳೆದು ನೋಡಿದೆ. ಸಿಟ್ಟು ಎಷ್ಟಿದ್ದರೂ ಪಟ್ಟಿ ಸಡಿಲ ಬಿಡುವವಳಲ್ಲ ನಾನು.

ನನ್ನ ತಮ್ಮ ರಾಫ್ಟಿನ ಮೂತಿಗೆ ಮೊಳದುದ್ದದ ಕೋಲು ಸಿಕ್ಕಿಸಿ, ಅದರ ತುದಿಗೆ ಕ್ಯಾಮೆರಾ ಕಟ್ಟಿ, ನಮ್ಮ ಕಡೆ ತಿರುಗಿಸಿದ. ದಡದ ಗೆರೆ ನಡುವೆ ಬರುವ ಹಾಗೆ ಮೂತಿ ಸರಿಮಾಡಿ, ಕೆಂಪು ದೀಪ ಹತ್ತಿದ್ದು ನೋಡಿ, ಮುಂದೆಯೇ ಮುದುರಿ ಕೂತ. ನಾನು ರಾಫ್ಟನ್ನು ದಡದಿಂದ ಬಿಡಿಸಿ ಹಿಂದೆ ಒಂದು ಮೂಲೆಗೆ ಕೂತೆ. ಯಜಮಾನರು ನಡುವೆ, ರಾಫ್ಟಿನ ಉಬ್ಬಿದ ಅಂಚಿನ ಮೇಲೆ ಒಂದು ಕಾಲಿಟ್ಟು ನಿಂತರು, ಯುದ್ಧ ಗೆದ್ದವರ ಹಾಗೆ.

"ನಮ್ಮ ನದಿಗೆ..."

ನಾನು ಹುಟ್ಟು ಇಳಿಬಿಟ್ಟು ಅಗಲವಾಗಿ ಒಂದೇ ಸಲ ಬೀಸಿ ಎಳೆದೆ. ರಾಫ್ಟು ಗಿರಕಿ ಹೊಡೆಯಿತು. ಯಜಮಾನರು ಸುಸ್ವಾಗತ ಹೇಳದೆಯೇ ನೀರಿಗೆ ಹೋದರು.

ನದಿ ಹರಡಿಕೊಳ್ಳುವ ಆ ಜಾಗದಲ್ಲಿ ಬಂಡೆಯಿಲ್ಲ, ಸೆಳವು ಮೆಲ್ಲಗೆ. ಅದು ನನಗೆ ಗೊತ್ತು. ಅವರಿಗೆ ಗೊತ್ತಿರಲಿಲ್ಲ. ಜಾಕೆಟ್ಟು ಅವರನ್ನು ಮೇಲಕ್ಕೆ ತಂದಿತು. ಕೈಕಾಲು ಬಡಿಯುತ್ತಾ ಬಾಯಿಗೆ ನೀರು ತುಂಬಿಸಿಕೊಂಡರು.

ನಾನು ಕೂಗಿದೆ. ಸುಳ್ಳಿಗಲ್ಲ, ನಿಜವಾಗಿಯೇ ಕೂಗಿದೆ. ನೀರಿನಲ್ಲಿ ಮನುಷ್ಯ ಬಿದ್ದಿದ್ದಾನೆ ಅಂದರೆ ನನಗೆ ಅವನು ಯಜಮಾನನೂ ಅಲ್ಲ, ಶತ್ರುವೂ ಅಲ್ಲ. "ಕಾಲು ಮೇಲೆ! ಮೇಲೆತ್ತಿ ಕಾಲು! ನನ್ನ ನೋಡಿ! ಹಗ್ಗ ಬರ್ತಿದೆ, ಹಿಡೀರಿ!"

ಚೀಲ ಬೀಸಿ ಎಸೆದೆ. ಹಗ್ಗ ಬಿಚ್ಚಿಕೊಳ್ಳುತ್ತಾ ಹೋಗಿ ಸರಿಯಾಗಿ ಅವರ ಭುಜದ ಮೇಲೆ ಬಿತ್ತು. ಅವರು ಹಿಡಿಯಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು. ಕಣ್ಣು ಕೆಂಡವಾಗಿತ್ತು.

"ನಗ್ತೀಯಾ!" ನೀರು ಉಗಿಯುತ್ತಾ ಕಿರುಚಿದರು. "ನಾನಿಲ್ಲಿ ಮುಳುಗಿ ಸಾಯ್ತಿದೀನಿ, ನೀನು ನಿಂತ್ಕೊಂಡು ಹಲ್ಲು ಕಿರೀತೀಯಾ!"

ಹಗ್ಗ ಭುಜದಿಂದ ಜಾರಿ ನೀರಿನ ಮೇಲೆ ಹೋಯಿತು.

ದಡದಲ್ಲಿದ್ದ ಮೀಸೆ ಬೆನ್ನು ತಿರುಗಿಸಿ ನಿಂತ. ಅವನ ಹೆಗಲು ಕುಣಿಯುತ್ತಿತ್ತು. ತಮ್ಮ ನಗಲಿಲ್ಲ. ತೇಲಿಹೋಗುತ್ತಿದ್ದ ಹಗ್ಗವನ್ನೂ ನನ್ನನ್ನೂ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ.

ನಾನು ಹಗ್ಗ ಎಳೆದುಕೊಂಡು ಮತ್ತೆ ಎಸೆದೆ. ಈ ಸಲ ಹಿಡಿದರು. ಜಾಕೆಟ್ಟಿನ ಹೆಗಲ ಪಟ್ಟಿ ಹಿಡಿದು ರಾಫ್ಟಿನೊಳಗೆ ಎಳೆದು ಹಾಕಿದೆ. ಮೀನಿನ ಹಾಗೆ ಬಿದ್ದುಕೊಂಡು ಏದುಸಿರು ಬಿಟ್ಟರು. ನಾನು ಅವರ ಮುಖದ ಹತ್ತಿರ ನನ್ನ ಮುಖ ತಂದೆ.

"ಸಾರ್, ದಿನಾ ನೋಡೋ ಮುಖ ಇದು. ನೀವು ನೋಡ್ತಾ ನೋಡ್ತಾನೇ ಸೊಟ್ಟಗಾದ ಮುಖ. ಈಗ ತಾನೇ ನೀವೇ ಆಡಿಸಿ ತೋರಿಸಿದ್ರಲ್ಲ ಈ ಬಾಯಿನ. ನಿಮಗೇ ನಗು ಅಂತ ಕಂಡ್ರೆ, ಆಗಷ್ಟೇ ಟಿಕೆಟ್ ತಗೊಂಡು ಬಂದೋರಿಗೆ ಏನು ಕಾಣುತ್ತೆ?"

ಅವರು ಎದ್ದು ಕೂತರು. ಹೆಲ್ಮೆಟ್ ಕಳಚಿ ಅದರೊಳಗಿನ ನೀರು ಚೆಲ್ಲಿದರು. ಕೂದಲು ಹಣೆಗೆ ಅಂಟಿತ್ತು.

"ತಳ್ಳಿದೆ ನೀನು ನನ್ನ."

"ತಳ್ಳಲಿಲ್ಲ ಸಾರ್. ರಾಫ್ಟು ತಿರುಗಿಸಿದೆ. ಅಂಚಿನ ಮೇಲೆ ಕಾಲಿಡಬೇಡಿ ಅಂತ ವಿಡಿಯೋದಲ್ಲಿ ಹೇಳಿದೀನಿ. ನೀವು ನನ್ನ ಲಕ್ಷಣ ನೋಡ್ತಿದ್ರಿ, ಮಾತು ಕೇಳಲಿಲ್ಲ."

ದಡ ಹತ್ತುವವರೆಗೂ ಅವರು ಬೈದರು. ನಾನೂ ಬಿಡಲಿಲ್ಲ. ಟಿಕೆಟ್ ಕೌಂಟರು, ಗೇಟಿನಾಚೆ, ಪೊಲೀಸು, ಎಲ್ಲ ಮಾತಿಗೆ ಬಂದು ಹೋಯಿತು. ಕೊನೆಗೆ ಶೆಡ್ಡಿನ ಬಾಗಿಲಲ್ಲಿ ನಿಂತು ತಮ್ಮನ ಕಡೆ ಬೆರಳು ತೋರಿಸಿದರು.

"ಆ ಸೊಟ್ಟ ಬಾಯಿನೇ ಹಾಕು. ಮತ್ತೆ ನಾನು ಬಿದ್ದಿದ್ದು ಏನಾದ್ರೂ ಹೊರಗೆ ಹೋದ್ರೆ ಇಬ್ಬರನ್ನೂ ಒಟ್ಟಿಗೆ ಮನೆಗೆ ಕಳಿಸ್ತೀನಿ."

ಅವರು ಒಪ್ಪಿಕೊಂಡರು ಅಂತ ನನ್ನ ಸಿಟ್ಟು ಇಳಿಯಲಿಲ್ಲ. ಒಬ್ಬ ಹುಡುಗಿಯ ಮೊಣಕಾಲು ಒಡೆದಾಗ ಅರ್ಥವಾಗದ್ದು ತನ್ನ ಮೂಗಿಗೆ ನೀರು ಹೋದಾಗ ಅರ್ಥವಾಯಿತಲ್ಲ, ಅದನ್ನು ನೆನೆದರೆ ಇನ್ನೊಂದು ಸಲ ರಾಫ್ಟು ತಿರುಗಿಸಬೇಕು ಅನ್ನಿಸುತ್ತಿತ್ತು.

ಬಟ್ಟೆ ಬದಲಾಯಿಸಿ ಹಿಂದಿನ ರೂಮಿಗೆ ಹೋದಾಗ ತಮ್ಮ ಹೊಸ ಶಾಟ್ ತೆರೆದು ಕೂತಿದ್ದ. ಯಜಮಾನರು ಕಾಣುವಷ್ಟನ್ನು ಆಗಲೇ ಕತ್ತರಿಸಿ ತೆಗೆದಿದ್ದ. ಉಳಿದದ್ದು ನಾನು, ನನ್ನ ಹಗ್ಗ, ನನ್ನ ಕೂಗು. ರಾಫ್ಟು ಕುಣಿದಂತೆಲ್ಲ ಹಿಂದಿನ ಗೆರೆ ಒಮ್ಮೆ ಗುಡ್ಡವಾಗಿ ಉಬ್ಬುತ್ತಿತ್ತು, ಒಮ್ಮೆ ಬಾಣಲೆಯಾಗಿ ತಗ್ಗುತ್ತಿತ್ತು. ಅವನು ಕ್ಯಾಮೆರಾದ ಅಳತೆ ಹಾಕಿದ. ಗೆರೆ ಕುಣಿಯುವುದು ನಿಲ್ಲಲಿಲ್ಲ, ಬಾಗುವುದು ನಿಂತಿತು. ಕೋಲಿನಂತೆ ನೆಟ್ಟಗೆ ಮೇಲೆ ಹೋಗಿ ನೆಟ್ಟಗೆ ಕೆಳಗೆ ಬಂತು.

"ಹಿಂದಿನದ್ದಕ್ಕಿಂತ ಇದೇ ಚೆನ್ನಾಗಿದೆ ಅಕ್ಕ. ಇದರಲ್ಲಿ ನೀನು ನಿಜವಾಗ್ಲೂ ಕೂಗ್ತಿದೀಯ. ಇದರ ಮೇಲೇ ನಿನ್ನ ಮಾತು ಹಾಕ್ತೀನಿ, ಅದು ನಗು ಅಲ್ಲ ಅನ್ನೋದನ್ನ."

"ಹಾಕು."

"ಗೆರೆಗೋಸ್ಕರ ಪೂರ್ತಿ ಎಳೆದಿದೀನಿ. ನೀನು ಅಂಚಿಗೆ ಬಂದಾಗೆಲ್ಲ ಕೆನ್ನೆ ಅಗಲ ಆಗುತ್ತೆ. ಅದು ಲೆನ್ಸಿಂದು. ಅಲ್ಲಲ್ಲಿ ಸ್ವಲ್ಪ ಕಮ್ಮಿ ಮಾಡ್ಲಾ?" ಅವನ ದನಿ ಅಳುಕುತ್ತಿತ್ತು.

"ಲೆನ್ಸು ಮಾಡಿದ್ದು ತೆಗಿ. ನರ ಮಾಡಿದ್ದು ಬಿಡು."

ಅವನು ಒಂಚೂರು ಕಡಿಮೆ ಮಾಡಿದ. ಮತ್ತೆ ಒಂಚೂರು. ಹಿಗ್ಗಿದ್ದ ಕೆನ್ನೆ ಕಿರಿದಾಯಿತು. ಬಾಯಿ ಏರಿದ್ದು ಏರಿದಂತೆಯೇ ಇತ್ತು. ಅಲ್ಲಿ ಅವನ ಕೈ ನಿಂತಿತು.

"ಅಕ್ಕ, ಎಲ್ಲಿಗೆ ನಿಲ್ಲಿಸ್ಬೇಕು ಅಂತ ಗೊತ್ತಾಗ್ತಿಲ್ಲ."

"ಅಲ್ಲಿ ನೋಡಿದ್ರೆ ಹೆಂಗೋ ಗೊತ್ತಾಗುತ್ತೆ? ದಡ್ಡ!" ಅಂತ ಕೂಗಿದೆ. ಕೂಗಿದ್ದಕ್ಕೆ ಬಲಗಡೆಯ ತುಟಿ ಏರಿದ್ದು ನನಗೇ ತಿಳಿಯಿತು.

ಅವನು ಕುರ್ಚಿ ತಿರುಗಿಸಿ ನನ್ನನ್ನು ನೋಡಿದ.